ಆರು ಒಂಬತ್ತಾದಾಗ: ಸ್ಕ್ಯಾನ್‌ನಿಂದ ಬಂದ ಕೋಷ್ಟಕದಲ್ಲಿ ತಪ್ಪಿದ ಒಂದು ಅಂಕಿಯನ್ನು ಹಿಡಿಯುವ ಬಗೆ

ದೋಷದ ಲಕ್ಷಣ ಇಷ್ಟು: ಹಳೆಯ ಅಚ್ಚಿನ ಕೋಷ್ಟಕವನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯವಾಗಿಸುವ ಓಸಿಆರ್ ಮೂಲಕ ಸಿಎಸ್‌ವಿ ಕಡತವಾಗಿಸಿ ಲೆಕ್ಕ ಹಾಕಿದರೆ, ಇರಬೇಕಾದ ಸಂಬಂಧ ಕಾಣುವುದಿಲ್ಲ. ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ, ಖಾಲಿ ಕೋಶ ಇಲ್ಲ, ಅಂಕಿಯ ಜಾಗದಲ್ಲಿ ಅಕ್ಷರ ಬಂದಿಲ್ಲ. ಒಂದೊಂದೇ ಸಂಖ್ಯೆ ನೋಡಿದರೂ ಯಾವುದೂ ಅಸಂಭವ ಅನ್ನಿಸುವುದಿಲ್ಲ. ಓಸಿಆರ್ ಮಾಡುವ ತಪ್ಪುಗಳಲ್ಲಿ ಹೆಚ್ಚು ಕಾಡುವುದು ಇದೇ. ಅಂಕಿಯ ಜಾಗಕ್ಕೆ ಕಸ ಬಂದರೆ ಯಾರಿಗಾದರೂ ಕಾಣುತ್ತದೆ. ಒಂದು ಅಂಕಿಯ ಜಾಗಕ್ಕೆ ಇನ್ನೊಂದು ಅಂಕಿ ಬಂದರೆ ಕಾಣುವುದಿಲ್ಲ.

ಕೆಳಗಿನ ಪ್ರಸಂಗ ಬೆಂಗಳೂರಿನ ಒಂದು ಕಾಲೇಜಿನ ಎಂ.ಎಸ್ಸಿ. ವಿದ್ಯಾರ್ಥಿನಿಯದು. ಪ್ರಸಂಗವನ್ನೂ ಅದರೊಳಗಿನ ಅಂಕಿಗಳನ್ನೂ ವಿವರಣೆಗೆಂದೇ ಕಟ್ಟಿದೆ, ಯಾವ ತಾಲ್ಲೂಕಿನ ನಿಜ ದಾಖಲೆಯೂ ಅಲ್ಲ. ಆದರೆ ಲೆಕ್ಕಗಳು ನಿಜ. ಕೂತು ಹಾಕಿ ನೋಡಬಹುದು.

ಕೈಯಲ್ಲಿದ್ದ ಸಾಮಗ್ರಿ

ವಿಷಯ ಸರಳ. ಬೆಂಗಳೂರಿನ ಸುತ್ತಲಿನ ಒಂದು ತಾಲ್ಲೂಕಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿದ್ದ ಮಳೆಗೂ ಆ ವರ್ಷದ ಖುಷ್ಕಿ ರಾಗಿಯ ಇಳುವರಿಗೂ ಎಷ್ಟು ನಂಟು? ಹತ್ತು ವರ್ಷದ ಅಂಕಿಗಳು ಕನ್ನಡದಲ್ಲಿ ಅಚ್ಚಾದ ಒಂದು ಹಳೆಯ ವರದಿಯಲ್ಲಿದ್ದವು. ಅಂಕಿಗಳೂ ಕನ್ನಡದವೇ, ೧ ೨ ೩ ಎಂದು. ವರದಿಯ ಪಿಡಿಎಫ್ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗಿ ಬಂದದ್ದು, ಯಾರು ಯಾವಾಗ ಸ್ಕ್ಯಾನ್ ಮಾಡಿದರೋ ತಿಳಿಯದು. ಮಳೆಯ ಕೋಷ್ಟಕದಲ್ಲಿ ಸಾಲಿಗೊಂದು ವರ್ಷ, ಐದು ತಿಂಗಳಿಗೆ ಐದು ಅಂಕಣ, ಕೊನೆಯಲ್ಲಿ ‘ಒಟ್ಟು’ ಅಂಕಣ, ಎಲ್ಲಕ್ಕಿಂತ ಕೆಳಗೆ ‘ಸರಾಸರಿ’ ಸಾಲು. ಇಳುವರಿ ಬೇರೆ ಪುಟದಲ್ಲಿತ್ತು.

ಪರಿವರ್ತನೆಯಾದ ಮೇಲೆ ಆಕೆ ಬಳಸಿದ್ದು ಎರಡೇ ಅಂಕಣ:

| ವರ್ಷ | ಒಟ್ಟು ಮಳೆ (ಮಿ.ಮೀ.) | ಇಳುವರಿ (ಕೆ.ಜಿ./ಹೆಕ್ಟೇರ್) |
|---|---|---|
| 1 | 702 | 1480 |
| 2 | 588 | 1260 |
| 3 | 655 | 1390 |
| 4 | 743 | 1520 |
| 5 | 531 | 1150 |
| 6 | 690 | 1410 |
| 7 | 914 | 1190 |
| 8 | 671 | 1450 |
| 9 | 560 | 1240 |
| 10 | 726 | 1430 |

ಎರಡು ಅಂಕಣಗಳ ನಂಟನ್ನು ಅಳೆಯುವ ಸಹಸಂಬಂಧ ಗುಣಾಂಕ 0.23 ಬಂತು. ಅದು 0ಯ ಹತ್ತಿರವಿದ್ದರೆ ನಂಟಿಲ್ಲ, 1ರ ಹತ್ತಿರವಿದ್ದರೆ ಬಲವಾದ ನಂಟು. ಹತ್ತು ಬಿಂದುಗಳಿದ್ದಾಗ ಶೇ. 5ರ ಮಟ್ಟದಲ್ಲಿ ಗಣನೀಯ ಅನ್ನಿಸಿಕೊಳ್ಳಲು 0.632 ದಾಟಬೇಕು. ಅಂದರೆ ಮಳೆಯನ್ನೇ ನಂಬಿದ ಬೆಳೆಗೂ ಮಳೆಗೂ ನಂಟು ತೋರುತ್ತಿಲ್ಲ ಎಂದು ಬರೆಯಬೇಕಾದ ಸ್ಥಿತಿ.

ಮೊದಲ ಪರೀಕ್ಷೆ: ಒಂದೊಂದು ವರ್ಷ ಬಿಟ್ಟು ನೋಡುವುದು

ಫಲಿತಾಂಶ ಇಡೀ ದತ್ತಾಂಶದ ಗುಣವೋ, ಒಂದೇ ಸಾಲಿನ ಕಿತಾಪತಿಯೋ ಎಂದು ತಿಳಿಯಲು ಒಂದೊಂದೇ ವರ್ಷವನ್ನು ಬಿಟ್ಟು ಉಳಿದ ಒಂಬತ್ತರ ಗುಣಾಂಕ ಲೆಕ್ಕ ಹಾಕಬೇಕು. ಹತ್ತು ಸಲ ಹಾಕುವ ಲೆಕ್ಕ, ಕೆಲವೇ ನಿಮಿಷದ ಕೆಲಸ. ಇಲ್ಲಿ 7ನೇ ವರ್ಷ ಬಿಟ್ಟು ಬೇರೆ ಯಾವ ವರ್ಷ ತೆಗೆದರೂ ಗುಣಾಂಕ -0.03ಕ್ಕೂ 0.25ಕ್ಕೂ ನಡುವೆಯೇ ಇರುತ್ತದೆ. 7ನೇ ವರ್ಷವೊಂದನ್ನು ತೆಗೆದರೆ 0.97ಕ್ಕೆ ಹಾರುತ್ತದೆ. ಇಡೀ ಫಲಿತಾಂಶ ಒಂದೇ ಸಾಲಿಗೆ ನೇತುಬಿದ್ದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ.

ಇದೇ ಗುರುತನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಸ್ಪಿಯರ್‌ಮನ್ ಶ್ರೇಣಿ ಗುಣಾಂಕ ಅಂಕಿಗಳ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕ್ರಮಾಂಕವನ್ನಷ್ಟೇ ನೋಡುತ್ತದೆ. ಇದೇ ಹತ್ತು ವರ್ಷಕ್ಕೆ ಅದು 0.50. ಮಾಮೂಲು ಗುಣಾಂಕ 0.23, ಶ್ರೇಣಿ ಗುಣಾಂಕ 0.50 ಎಂದು ಇಷ್ಟು ಅಂತರ ಬಿದ್ದರೆ ಎಲ್ಲೋ ಒಂದು ಬಿಂದು ಗೆರೆಯನ್ನು ತನ್ನತ್ತ ಎಳೆಯುತ್ತಿದೆ ಎಂದು ಅನುಮಾನಿಸಬೇಕು.

ಆದರೆ ಈ ಪರೀಕ್ಷೆ ಯಾವ ಸಾಲನ್ನು ನೋಡಬೇಕೆಂದು ಹೇಳುತ್ತದೆಯೇ ಹೊರತು ಆ ಸಾಲು ತಪ್ಪು ಎಂದು ಹೇಳುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ, ಅದೂ ಎರಡು ರೀತಿಯಲ್ಲಿ.

ಒಂದು, ಸಾಲನ್ನು ‘ಹೊರಗುಳಿದ ಬಿಂದು’ ಎಂದು ಕರೆದು ಅಳಿಸಿಬಿಡುವುದು. ಹಾಗೆ ಮಾಡಿದ್ದರೆ ಇಲ್ಲಿ 0.97 ಸಿಗುತ್ತಿತ್ತು, ಅದು ನಿಜಕ್ಕಿಂತ ಹೆಚ್ಚು. ಮುಂದೆ ಕಾಣುವಂತೆ ಸರಿಯಾದ ಅಂಕಿ ಹಾಕಿದಾಗ ಬರುವುದು 0.93. ಅಳಿಸಿದರೆ ದೋಷವೂ ಹೋಗುತ್ತದೆ, ಅದರ ಜೊತೆಗೆ ಒಂದು ವರ್ಷದ ನಿಜವಾದ ಏರುಪೇರೂ ಹೋಗುತ್ತದೆ.

ಎರಡು, ಆ ಸಾಲಿಗೆ ಒಂದು ಕಾರಣ ಕಟ್ಟುವುದು. ಇದು ಇನ್ನೂ ಅಪಾಯ, ಏಕೆಂದರೆ ತಿಳಿದವರೇ ಇದನ್ನು ಚೆನ್ನಾಗಿ ಮಾಡುತ್ತಾರೆ. ಗೈಡ್‌ಗೆ ತೋರಿಸಿದಾಗ ನಡೆದದ್ದೂ ಅದೇ.

“ಅತಿವೃಷ್ಟಿ ವರ್ಷ ಇರ್ಬೇಕು ಕಣಮ್ಮ. ಒಂಬೈನೂರು ದಾಟಿದೆ ನೋಡು. ತೆನೆ ಕಟ್ಟೋ ಹೊತ್ತಲ್ಲಿ ಸುರಿದ್ರೆ ರಾಗಿ ಕೈಗೆ ಹತ್ತಲ್ಲ.”

“ಹಾಗಾದ್ರೆ ಮೇಡಂ, ಆ ಮಳೆ ಯಾವುದಾದ್ರೂ ಒಂದು ತಿಂಗಳಲ್ಲಿ ಕಾಣ್ಬೇಕಲ್ವಾ? ತಿಂಗಳ ಅಂಕಿ ನಾನಿನ್ನೂ ನೋಡಿಲ್ಲ.”

“ಹಂಗಾದ್ರೆ ನೋಡ್ಕೊಂಡು ಬಾ. ಆಮೇಲೆ ಮಾತಾಡೋಣ.”

ಮೇಡಂ ಹೇಳಿದ ಕಾರಣ ತಪ್ಪೇನಲ್ಲ, ಅತಿಮಳೆಗೆ ರಾಗಿ ಕೆಡುವುದುಂಟು. ಅದಕ್ಕೇ ಅದು ಮೋಸದ ಕಾರಣ. ಬಿಂದುವಿಗೆ ವಿವರಣೆ ಸಿಕ್ಕಿತೆಂದು ಬಿಂದುವನ್ನು ಪರೀಕ್ಷಿಸುವುದೇ ನಿಂತುಹೋಗುತ್ತದೆ. ಮೊದಲು ಅಂಕಿ ಸರಿಯಿದೆಯೇ ಎಂದು ನೋಡಿ, ಆಮೇಲೆ ಕಾರಣ ಹುಡುಕಬೇಕು.

ಎರಡನೇ ಪರೀಕ್ಷೆ: ಸಾಲಿನ ಕೂಡಿಕೆ

ಅಚ್ಚಿನ ಕೋಷ್ಟಕದಲ್ಲಿ ‘ಒಟ್ಟು’ ಎಂಬ ಅಂಕಣ ಇದ್ದರೆ ಅದೊಂದು ಪುಕ್ಕಟೆ ಪರೀಕ್ಷಾ ಸಾಧನ. ತಿಂಗಳ ಅಂಕಿಗಳನ್ನು ನಾವೇ ಕೂಡಿ, ಬಂದ ಮೊತ್ತವನ್ನು ‘ಒಟ್ಟು’ ಕೋಶದ ಜೊತೆ ಹೋಲಿಸಬೇಕು. ಅನುಮಾನ ಬಂದ ಸಾಲನ್ನಷ್ಟೇ ಅಲ್ಲ, ಎಲ್ಲ ಸಾಲುಗಳನ್ನೂ. ಫಲಿತಾಂಶ ಇಷ್ಟವಾಗಲಿಲ್ಲವೆಂದು ಇಷ್ಟವಾಗದ ಸಾಲನ್ನು ಮಾತ್ರ ಪರೀಕ್ಷಿಸಿದರೆ, ನಮಗೆ ಅನುಕೂಲವಾದ ತಪ್ಪುಗಳು ಹಾಗೇ ಉಳಿದುಕೊಳ್ಳುತ್ತವೆ.

```python
import csv

M = ("jun", "jul", "aug", "sep", "oct")
with open("male.csv", encoding="utf-8-sig") as f:
    for row in csv.DictReader(f):
        diff = int(row["total"]) - sum(int(row[m]) for m in M)
        if diff:
            print(row["year"], diff)
```

ಪೈಥಾನ್‌ನ `int` ಕನ್ನಡ ಅಂಕಿಗಳನ್ನೂ ಓದುತ್ತದೆ: `int("೬೧೪")` ಎಂದರೆ 614. ಸೊನ್ನೆಯ ಬದಲು ಅನುಸ್ವಾರ ಬಂದಿದ್ದರೆ, ಅಂದರೆ `೬೦` ಇರಬೇಕಾದಲ್ಲಿ `೬ಂ` ಇದ್ದರೆ, ಅದು `ValueError` ಎಂದು ನಿಂತುಬಿಡುತ್ತದೆ. ನಿಲ್ಲುವುದೇ ಒಳ್ಳೆಯದು, ಆ ಜಾತಿಯ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಲೆಕ್ಕದ ಹಾಳೆಯಲ್ಲಿ ಮಾಡುವವರು ಒಂದು ವಿಷಯ ಗಮನಿಸಬೇಕು: ಕೋಶದಲ್ಲಿರುವುದು ಸಂಖ್ಯೆಯಾಗಿರದೆ ಬರಹವಾಗಿ ಕೂತಿದ್ದರೆ `SUM` ಅದನ್ನು ಎಣಿಸದೆ ಸುಮ್ಮನೆ ದಾಟಿಹೋಗುತ್ತದೆ, ದೂರುವುದಿಲ್ಲ. ಸಂಖ್ಯೆ ಕೋಶದ ಬಲಕ್ಕೂ ಬರಹ ಎಡಕ್ಕೂ ಒರಗುವುದು ರೂಢಿ, ಮೊದಲು ಅದನ್ನು ನೋಡಿಕೊಳ್ಳಿ.

ಇನ್ನೂ ಒಂದು ಬಲೆ ಇದೆ. ಕಡತ ಯಾರದೋ ಕೈಯಿಂದ ಬಂದಿದ್ದರೆ ‘ಒಟ್ಟು’ ಅಂಕಣ ಅಚ್ಚಿನಿಂದ ಬಂದದ್ದೋ, ಯಾರಾದರೂ `=SUM(...)` ಹಾಕಿ ತುಂಬಿಸಿದ್ದೋ ಕೇಳಿ ತಿಳಿಯಬೇಕು. ಸೂತ್ರದಿಂದ ಬಂದ ಮೊತ್ತ ಯಾವತ್ತೂ ತಾಳೆಯಾಗುತ್ತದೆ, ಆಗ ಈ ಪರೀಕ್ಷೆಗೆ ಅರ್ಥವಿಲ್ಲ.

ಆಕೆಯ ಕಡತಕ್ಕೆ ಪ್ರೋಗ್ರಾಂ ಒಂದೇ ಸಾಲು ಉತ್ತರ ಕೊಟ್ಟಿತು:

```
7 300
```

7ನೇ ವರ್ಷದ ತಿಂಗಳ ಮಳೆ ಕಡತದಲ್ಲಿ ಹೀಗಿತ್ತು: ಜೂನ್ ೭೨, ಜುಲೈ ೯೬, ಆಗಸ್ಟ್ ೧೨೧, ಸೆಪ್ಟೆಂಬರ್ ೧೮೭, ಅಕ್ಟೋಬರ್ ೧೩೮. ಕೂಡಿದರೆ 614. ‘ಒಟ್ಟು’ ಕೋಶದಲ್ಲಿ ೯೧೪. ಅತಿವೃಷ್ಟಿ ಎನ್ನುವಂಥ ತಿಂಗಳು ಒಂದೂ ಇಲ್ಲ. ಬೆಂಗಳೂರಿನ ಕಡೆ ಸೆಪ್ಟೆಂಬರ್‌ನಲ್ಲಿ 187 ಮಿ.ಮೀ. ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಚಿಕ್ಕ ವ್ಯತ್ಯಾಸಕ್ಕೆ ಗಾಬರಿಯಾಗಬೇಕಿಲ್ಲ ಎಂಬುದನ್ನೂ ಹೇಳಿಬಿಡೋಣ. ದಶಮಾಂಶ ಬಿಟ್ಟು ಪೂರ್ಣಾಂಕಕ್ಕೆ ಅಂದಾಜಿಸಿದ ಐದು ತಿಂಗಳು ಮತ್ತು ಹಾಗೇ ಅಂದಾಜಿಸಿದ ಒಂದು ಮೊತ್ತ, ಇವುಗಳ ನಡುವೆ 3 ಮಿ.ಮೀ. ವರೆಗೆ ಅಂತರ ಬರಬಹುದು. ಪ್ರತಿ ಅಂಕಿಯಲ್ಲೂ ಹೆಚ್ಚೆಂದರೆ ಅರ್ಧ, ಆರು ಅಂಕಿಗೆ ಮೂರು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಬೆನ್ನು ಹತ್ತಬೇಕು.

ವ್ಯತ್ಯಾಸದ ಮೊತ್ತವನ್ನು ಓದುವುದು

ವ್ಯತ್ಯಾಸ ಎಷ್ಟು ಎಂಬುದೇ ಏನಾಯಿತು ಎಂಬುದರ ಸುಳಿವು. ಹಳೆಯ ಕಾಲದ ಗುಮಾಸ್ತರಿಗೆ ಇದು ಬಾಯಿಪಾಠ. ವ್ಯತ್ಯಾಸ 9ರಿಂದ ಭಾಗವಾದರೆ ಪಕ್ಕದ ಎರಡು ಅಂಕಿ ಅದಲುಬದಲಾಗಿರುವ ಸಂಭವ ಹೆಚ್ಚು: 614 ಹೋಗಿ 641 ಆದರೆ ವ್ಯತ್ಯಾಸ 27. ವ್ಯತ್ಯಾಸ ಒಂದೇ ಅಂಕಿಯಾಗಿ ಅದರ ಮುಂದೆ ಬರೀ ಸೊನ್ನೆಗಳಿದ್ದರೆ, 300 ಇದ್ದಂತೆ, ಆಗ ಒಂದು ಸ್ಥಾನದ ಒಂದೇ ಅಂಕಿ ಬದಲಾಗಿರಬೇಕು. ಸೊನ್ನೆಗಳು ಸ್ಥಾನವನ್ನು ಹೇಳುತ್ತವೆ, ಇಲ್ಲಿ ನೂರರ ಸ್ಥಾನ. ಮೊದಲ ಅಂಕಿ, ಇರಬೇಕಾದ ಅಂಕಿಗೂ ಬಂದ ಅಂಕಿಗೂ ನಡುವಿನ ಅಂತರ ಹೇಳುತ್ತದೆ, ಇಲ್ಲಿ ಮೂರು.

ಅಂತರ ಮೂರಿರುವ ಜೋಡಿಗಳು ಏಳು: 0 ಮತ್ತು 3, 1 ಮತ್ತು 4, 2 ಮತ್ತು 5, 3 ಮತ್ತು 6, 4 ಮತ್ತು 7, 5 ಮತ್ತು 8, 6 ಮತ್ತು 9. ಇವುಗಳಲ್ಲಿ ಕನ್ನಡ ಅಚ್ಚಿನಲ್ಲಿ ಕಣ್ಣಿಗೂ ಯಂತ್ರಕ್ಕೂ ಮೊದಲು ಗೊಂದಲ ಹುಟ್ಟಿಸುವುದು ೬ ಮತ್ತು ೯. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಗೊಂದಲದ ಜೋಡಿಗಳು ಲಿಪಿಯಿಂದ ಲಿಪಿಗೆ ಬೇರೆ. ಇಂಗ್ಲಿಷ್ ಅಂಕಿಗಳಲ್ಲಿ 1 ಮತ್ತು 7, 3 ಮತ್ತು 8, 5 ಮತ್ತು 6 ಎಂದು ಹುಡುಕುವ ಅಭ್ಯಾಸವನ್ನು ಕನ್ನಡ ಪುಟಕ್ಕೆ ತಂದರೆ ಉಪಯೋಗವಿಲ್ಲ. ಕನ್ನಡದಲ್ಲಿ ೬ ಮತ್ತು ೯ರ ಜೊತೆಗೆ ೨ ಮತ್ತು ೩ರ ಮೇಲೂ ಕಣ್ಣಿಡಬೇಕು, ೦ ಮತ್ತು ೧ರ ಮೇಲೂ. ೧ ಪೂರ್ತಿ ಮುಚ್ಚದ ಉಂಗುರ. ಮಸಿ ಹರಡಿ ಆ ಬಾಯಿ ಮುಚ್ಚಿದರೆ ಯಂತ್ರಕ್ಕೆ ಅದು ೦.

ಇಷ್ಟಾದರೂ ‘ಒಟ್ಟು’ ಕೋಶವೇ ತಪ್ಪು ಎಂದು ಇನ್ನೂ ಸಾಬೀತಾಗಿಲ್ಲ. ಒಟ್ಟು ೯೧೪ ಸರಿಯಿದ್ದು ತಿಂಗಳ ಅಂಕಿಯೊಂದು ಕೆಟ್ಟಿರಬಹುದು: ಸೆಪ್ಟೆಂಬರಿನ ೪೮೭ ಎಂಬುದು ೧೮೭ ಆಗಿರಬಹುದು, ಇಲ್ಲವೇ ಜೂನ್‌ನ ೩೭೨ ತನ್ನ ಮೊದಲ ಅಂಕಿ ಕಳೆದುಕೊಂಡು ೭೨ ಆಗಿರಬಹುದು. ಎರಡರಲ್ಲೂ ವ್ಯತ್ಯಾಸ ಸರಿಯಾಗಿ 300. ಸಾಲಿನ ಕೂಡಿಕೆ ಯಾವ ಸಾಲು ಎಂದು ಮಾತ್ರ ಹೇಳಬಲ್ಲದು.

ಕೋಶವನ್ನು ಗುರುತಿಸುವುದು

ಯಾವ ಅಂಕಣ ಎಂದು ಹೇಳುವುದು ಕೆಳಗಿನ ‘ಸರಾಸರಿ’ ಸಾಲು. ಪ್ರತಿ ಅಂಕಣದ ಹತ್ತು ಅಂಕಿಗಳ ಸರಾಸರಿ ತೆಗೆದು ಅಚ್ಚಾದ ಸರಾಸರಿಯ ಜೊತೆ ಹೋಲಿಸಿದಾಗ ಐದೂ ತಿಂಗಳು ತಾಳೆಯಾದವು. ‘ಒಟ್ಟು’ ಅಂಕಣದಲ್ಲಿ ಮಾತ್ರ ಅಚ್ಚಿನಲ್ಲಿ 648, ಲೆಕ್ಕದಲ್ಲಿ 678. ಅಂತರ 30, ಹತ್ತು ವರ್ಷಕ್ಕೆ ಗುಣಿಸಿದರೆ 300. ಸಾಲು ಹೇಳಿದ ಮೊತ್ತವನ್ನೇ ಅಂಕಣವೂ ಹೇಳುತ್ತಿದೆ. ಎರಡೂ ಸಂಧಿಸುವ ಕೋಶ ಒಂದೇ, 7ನೇ ವರ್ಷದ ‘ಒಟ್ಟು’.

ಸರಾಸರಿಯ ಪರೀಕ್ಷೆ ಕೂಡಿಕೆಯಷ್ಟು ಸೂಕ್ಷ್ಮವಲ್ಲ. ಪೂರ್ಣಾಂಕಕ್ಕೆ ಅಂದಾಜಿಸಿದ ಸರಾಸರಿಯಲ್ಲಿ ಅರ್ಧ ಮಿ.ಮೀ. ಅಡಗಿರಬಹುದು, ಹತ್ತು ವರ್ಷಕ್ಕೆ ಅದು 5 ಮಿ.ಮೀ. ಬಿಡಿಸ್ಥಾನದ ತಪ್ಪುಗಳು ಇದರ ಬಲೆಯಿಂದ ಜಾರಬಹುದು. ಹತ್ತರ, ನೂರರ ಸ್ಥಾನದವು ಜಾರುವುದಿಲ್ಲ. ಕೋಷ್ಟಕದಲ್ಲಿ ಸರಾಸರಿ ಸಾಲೇ ಇಲ್ಲದಿದ್ದರೆ ಈ ಹೆಜ್ಜೆ ಬಿಟ್ಟು, ಸಾಲಿನ ಆರೂ ಕೋಶಗಳನ್ನು ನೇರವಾಗಿ ಪುಟದ ಜೊತೆ ಹೋಲಿಸಿದರಾಯಿತು.

ಪುಟವನ್ನು ನೋಡುವುದು, ಪಠ್ಯವನ್ನಲ್ಲ

ಈಗ ಪಿಡಿಎಫ್ ತೆರೆದು ನೋಡಬೇಕು, ಆದರೆ ಹೇಗೆ ನೋಡುತ್ತೇವೆ ಎಂಬುದು ಮುಖ್ಯ. ಸ್ಕ್ಯಾನ್ ಆದ ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಎರಡು ಪದರ ಇರುತ್ತವೆ: ಕಣ್ಣಿಗೆ ಕಾಣುವ ಚಿತ್ರ, ಅದರ ಹಿಂದೆ ಓಸಿಆರ್ ಬರೆದಿಟ್ಟ ಕಾಣದ ಪಠ್ಯ. ಹುಡುಕುವ ಪೆಟ್ಟಿಗೆಯಲ್ಲಿ ೯೧೪ ಎಂದು ಹಾಕಿದರೆ, ಅಥವಾ ಕೋಶವನ್ನು ಆಯ್ದು ನಕಲಿಸಿ ಅಂಟಿಸಿದರೆ, ಉತ್ತರ ಬರುವುದು ಕಾಣದ ಪಠ್ಯದಿಂದ. ತಪ್ಪು ಹುಟ್ಟಿದ್ದೇ ಅಲ್ಲಿ, ಹಾಗಾಗಿ ಅದು ತನ್ನ ತಪ್ಪನ್ನು ತಾನೇ ದೃಢೀಕರಿಸುತ್ತದೆ. ‘ಪಿಡಿಎಫ್‌ನಲ್ಲೂ ಅದೇ ಇದೆ, ನೋಡಿದೆ’ ಎಂದು ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ.

ಪುಟವನ್ನು ಚಿತ್ರವಾಗಿ ಹೊರತೆಗೆದರೆ ಈ ಗೊಂದಲವಿಲ್ಲ. ಲಿನಕ್ಸ್‌ನಲ್ಲಿ ಪಾಪ್ಲರ್ ಸಲಕರಣೆಗಳಿದ್ದರೆ ಹೀಗೆ (ಪುಟ 12 ಎಂದಿಟ್ಟುಕೊಳ್ಳಿ):

```
pdfimages -list varadi.pdf
pdftoppm -f 12 -l 12 -r 400 -png varadi.pdf puta
```

ಎರಡನೇ ಆದೇಶ ಪುಟದ ಚಿತ್ರ ಕೊಡುತ್ತದೆ. ಮೊದಲನೆಯದು ಕೊಡುವ ಪಟ್ಟಿಯಲ್ಲಿ `x-ppi` ಮತ್ತು `enc` ಎಂಬ ಎರಡು ಅಂಕಣ ನೋಡಿದರೆ ಸಾಕು. `x-ppi` ಎಂದರೆ ಸ್ಕ್ಯಾನ್ ಎಷ್ಟು ಸೂಕ್ಷ್ಮ ಎಂಬುದು. ಇಲ್ಲಿ 150 ಇತ್ತು. ಎರಡು ಮಿಲಿಮೀಟರ್ ಎತ್ತರದ ಅಚ್ಚಿನ ಅಂಕಿಗೆ 150ರಲ್ಲಿ ಸಿಗುವುದು ಸುಮಾರು 12 ಪಿಕ್ಸೆಲ್, 300ರಲ್ಲಿ 24. ಹನ್ನೆರಡು ಪಿಕ್ಸೆಲ್ ಎತ್ತರದಲ್ಲಿ ೬ ಯಾವುದು ೯ ಯಾವುದು ಎಂದು ಹೇಳುವ ತಿರುವಿಗೆ ಎರಡು ಮೂರು ಪಿಕ್ಸೆಲ್ ಉಳಿದರೆ ಹೆಚ್ಚು. ಅದರ ಪಕ್ಕದಲ್ಲಿ ಒಂದು ಚುಕ್ಕೆ ಮಸಿ ಬಿದ್ದರೂ ರೂಪ ಬದಲಾಗುತ್ತದೆ. 150ರಲ್ಲಿ ಸ್ಕ್ಯಾನ್ ಆದದ್ದನ್ನು 400ರಲ್ಲಿ ಹೊರತೆಗೆದರೆ ಚಿತ್ರ ದೊಡ್ಡದಾಗುತ್ತದೆ ಅಷ್ಟೇ, ಇಲ್ಲದ ವಿವರ ಹುಟ್ಟುವುದಿಲ್ಲ.

ಅನುಮಾನದ ಅಂಕಿಯನ್ನು ಅದೇ ಪುಟದ ಬೇರೆ ಅಂಕಿಗಳ ಜೊತೆ ಹೋಲಿಸಬೇಕು. ಪರದೆಯ ಫಾಂಟ್‌ನ ಜೊತೆ ಹೋಲಿಸಿದರೆ ತಪ್ಪುದಾರಿ, ಮೊಳೆ ಅಚ್ಚಿನ ೬ಕ್ಕೂ ಇಂದಿನ ಫಾಂಟಿನ ೬ಕ್ಕೂ ಸಾಕಷ್ಟು ವ್ಯತ್ಯಾಸವಿರುತ್ತದೆ. ಇಲ್ಲಿ ಅದೃಷ್ಟಕ್ಕೆ ಅದೇ ಸಾಲಿನ ಜುಲೈ ಕೋಶದಲ್ಲಿ ೯೬ ಇತ್ತು. ಬೇಕಾದ ಎರಡೂ ಅಂಕಿ, ಅದೇ ಮೊಳೆ, ಅದೇ ಮಸಿ, ಅದೇ ಸಾಲು. ಮೂರನ್ನೂ ಕತ್ತರಿಸಿ ಒಂದರ ಪಕ್ಕ ಒಂದಿಟ್ಟಾಗ ‘ಒಟ್ಟು’ ಕೋಶದ ಮೊದಲ ಅಂಕಿಯ ಮೈ ೬ರದ್ದೇ, ಆದರೆ ಅದರ ತುದಿಗೆ ಒಂದು ತೆಳು ಗೆರೆ ತಾಗಿಕೊಂಡಿತ್ತು. ಗೆರೆ ಅಂಕಿಯಲ್ಲಿ ನಿಲ್ಲದೆ ಕೆಳಗಿನ ಸಾಲುಗಳಿಗೂ ಹೋಗಿತ್ತು. ಹಾಳೆ ಮಡಿಚಿದ ಗುರುತು.

ಕಾಗದದವರೆಗೆ ಯಾಕೆ ಹೋಗಬೇಕು

ಇಷ್ಟು ಸಾಕಲ್ಲವೇ ಅನ್ನಿಸಬಹುದು. ಈ ಕೋಶದ ಮಟ್ಟಿಗೆ ಬಹುಶಃ ಸಾಕು. ಆದರೆ `enc` ಅಂಕಣದಲ್ಲಿ `jbig2` ಎಂದಿದ್ದರೆ ಚಿತ್ರವನ್ನೂ ಪೂರ್ತಿ ನಂಬುವಂತಿಲ್ಲ. ಕಡತ ಚಿಕ್ಕದಾಗಲೆಂದು ಈ ಕ್ರಮ ಪುಟದ ಮೇಲಿನ ಒಂದೇ ತರಹ ಕಾಣುವ ಗುರುತುಗಳನ್ನು ಗುಂಪು ಮಾಡಿ, ಒಂದರ ಚಿತ್ರವನ್ನೇ ಎಲ್ಲದರ ಜಾಗದಲ್ಲೂ ಅಂಟಿಸಬಲ್ಲದು. ಗುಂಪು ಮಾಡುವಾಗ ಸಡಿಲ ಬಿಟ್ಟರೆ ಬೇರೆ ಅಂಕಿಯ ಚಿತ್ರವೇ ಬಂದು ಕೂರುತ್ತದೆ, ಅದೂ ಮಸುಕಾಗಿರದೆ ಸ್ಫುಟವಾಗಿ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಕೆಲವು ಆಫೀಸು ಸ್ಕ್ಯಾನರ್‌ಗಳು 6ನ್ನು 8 ಮಾಡುತ್ತಿರುವುದನ್ನು ತೋರಿಸಿಕೊಟ್ಟದ್ದು ಇದೇ ಜಾತಿಯ ದೋಷ. ಅಲ್ಲಿ ಓಸಿಆರ್‌ನ ಪಾತ್ರವೇ ಇರಲಿಲ್ಲ, ಚಿತ್ರವೇ ಬದಲಾಗಿತ್ತು. ಅಂಥ ಕಡತದಲ್ಲಿ ಕಣ್ಣಿಗೆ ಕಂಡದ್ದು ಸಾಕ್ಷಿಯಲ್ಲ, ಕಾಗದವೊಂದೇ ಸಾಕ್ಷಿ.

ಆಕೆಯ ಕಡತದಲ್ಲಿ ಇದ್ದದ್ದು `jpeg`, ಹಾಗಾಗಿ ಆ ಭಯವಿರಲಿಲ್ಲ. ಆದರೂ ಪ್ರಬಂಧದ ತೀರ್ಮಾನವೇ ತಲೆಕೆಳಗಾಗುವ ಒಂದು ಅಂಕಿಗೆ ಕಾಗದ ನೋಡದೆ ಸಹಿ ಹಾಕಬಾರದು. ಬೆಂಗಳೂರಿನಲ್ಲಿರುವವರಿಗೆ ಇದು ಅಷ್ಟು ಕಷ್ಟವಲ್ಲ. ಕಬ್ಬನ್ ಪಾರ್ಕಿನೊಳಗಿನ ರಾಜ್ಯ ಕೇಂದ್ರ ಗ್ರಂಥಾಲಯ, ಬೇಸಾಯದ ಅಂಕಿಗಳಾದರೆ ಬಳ್ಳಾರಿ ರಸ್ತೆಯ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ ಗ್ರಂಥಾಲಯ, ಇವೆರಡರಲ್ಲಿ ಮೊದಲು ವಿಚಾರಿಸಬೇಕು. ಹೋಗುವಾಗ ವರದಿಯ ಹೆಸರು, ವರ್ಷ, ಪುಟ ಸಂಖ್ಯೆ ಬರೆದುಕೊಂಡು ಹೋಗಿ. ಹಳೆಯ ವರದಿಗಳ ಪರಿಷ್ಕೃತ ಮುದ್ರಣ ಇರುವುದುಂಟು, ಎರಡರ ಅಂಕಿ ಬೇರೆಯಿರಬಹುದು. ಸ್ಕ್ಯಾನ್ ಆದದ್ದು ಯಾವ ಮುದ್ರಣ ಎಂದು ಮೊದಲ ಪುಟದಿಂದ ಖಚಿತಪಡಿಸಿಕೊಳ್ಳಬೇಕು.

ಕಾಗದದಲ್ಲಿ ಕಂಡದ್ದು ೬೧೪.

ಒಂದು ವೇಳೆ ಕಾಗದದಲ್ಲೂ ೯೧೪ ಎಂದೇ ಇದ್ದಿದ್ದರೆ? ಆಗ ಅದು ಪರಿವರ್ತನೆಯ ದೋಷವಲ್ಲ, ಅಚ್ಚಿನ ದೋಷ ಅಥವಾ ಅಚ್ಚಿಗೆ ಕೊಟ್ಟವರ ದೋಷ. ಅದನ್ನು ನಾವಾಗಿ ‘ತಿದ್ದುವ’ ಅಧಿಕಾರ ನಮಗಿಲ್ಲ. ಮೂಲದಲ್ಲಿ ಹೀಗಿದೆ, ತಿಂಗಳ ಮೊತ್ತ ಹೀಗೆ ಬರುತ್ತದೆ ಎಂದು ಎರಡನ್ನೂ ಬರೆದು, ಎರಡೂ ಅಂಕಿಯ ಫಲಿತಾಂಶ ಕೊಡಬೇಕು.

ತಿದ್ದುವುದು

ಮೂಲ ಸಿಎಸ್‌ವಿಯ ಕೋಶದಲ್ಲಿ ನೇರವಾಗಿ 614 ಎಂದು ಬರೆದು ಉಳಿಸಬೇಡಿ. ಮೂರು ತಿಂಗಳ ಮೇಲೆ ಯಾರಾದರೂ ಪಿಡಿಎಫ್‌ನಿಂದ ಮತ್ತೆ ಪರಿವರ್ತಿಸಿದರೆ ೯೧೪ ವಾಪಸ್ ಬರುತ್ತದೆ, ಯಾವುದು ಸರಿ ಎಂದು ಯಾರಿಗೂ ನೆನಪಿರುವುದಿಲ್ಲ. ಓಸಿಆರ್ ಕೊಟ್ಟ ಕಡತವನ್ನು ಮುಟ್ಟದೆ ಹಾಗೇ ಇಟ್ಟು, ತಿದ್ದುಪಡಿಗಳಿಗೆ ಬೇರೊಂದು ಚಿಕ್ಕ ಕಡತ ಮಾಡಿ:

```
year,column,old,new,basis
7,total,914,614,"ಮೂಲ ಸಂಪುಟ ಪು. 12; ಸಾಲಿನ ಮೊತ್ತ 614"
```

ಲೆಕ್ಕ ಹಾಕುವ ಪ್ರೋಗ್ರಾಂ ಮೊದಲು ಮೂಲ ಓದಿ, `old` ನಿಜವಾಗಿ ಆ ಕೋಶದಲ್ಲಿದೆಯೇ ಎಂದು ನೋಡಿ, ಆಮೇಲೆ `new` ಹಾಕಬೇಕು. `old` ತಾಳೆಯಾಗದಿದ್ದರೆ ನಿಲ್ಲಬೇಕು, ಆಗ ಕಡತ ಬದಲಾಗಿದೆ ಎಂದರ್ಥ.

ತಿದ್ದಿದ ಮೇಲೆ ಸರಾಸರಿ 648, ಅಚ್ಚಿನಷ್ಟೇ. ಗುಣಾಂಕ 0.23 ಇದ್ದದ್ದು 0.93. ಮಳೆ ಒಂದು ಮಿ.ಮೀ. ಹೆಚ್ಚಿದರೆ ಇಳುವರಿ ಎಷ್ಟು ಹೆಚ್ಚುತ್ತದೆ ಎಂಬ ಅಂದಾಜು ಹೆಕ್ಟೇರಿಗೆ 0.28 ಕೆ.ಜಿ. ಇದ್ದದ್ದು 1.68 ಕೆ.ಜಿ. ನಂಟಿಲ್ಲ ಎಂದು ಬರೆಯಬೇಕಿದ್ದ ವಾಕ್ಯ ಬಲವಾದ ನಂಟಿದೆ ಎಂದಾಯಿತು. ಒಂದೇ ಅಂಕಿ ಇಷ್ಟು ಮಾಡಲು ಕಾರಣ ಅದು ಬಿದ್ದ ಜಾಗ: ಕಡಿಮೆ ಇಳುವರಿಯ ವರ್ಷ ಇದ್ದಕ್ಕಿದ್ದಂತೆ ಎಲ್ಲಕ್ಕಿಂತ ಹೆಚ್ಚು ಮಳೆಯ ವರ್ಷವಾಗಿಬಿಟ್ಟಿತ್ತು. ಅದೇ 300 ಮಿ.ಮೀ. ಒಳ್ಳೆಯ ಇಳುವರಿಯ 4ನೇ ವರ್ಷಕ್ಕೆ ಸೇರಿದ್ದರೆ ಗುಣಾಂಕ ಇಷ್ಟು ಬೀಳುತ್ತಿರಲಿಲ್ಲ, ಯಾರಿಗೂ ಅನುಮಾನ ಬರುತ್ತಿರಲಿಲ್ಲ, ತಪ್ಪು ಪ್ರಬಂಧದಲ್ಲೇ ಉಳಿಯುತ್ತಿತ್ತು.

ಉಳಿದ ಅಂಕಿಗಳು

ಒಂದು ಸಿಕ್ಕಿತೆಂದು ನಿಲ್ಲಬಾರದು. ಒಂದೇ ಸಾಲಿನಲ್ಲಿ ಎರಡು ತಪ್ಪು ಪರಸ್ಪರ ಸರಿದೂಗಿದರೆ ಕೂಡಿಕೆಗೆ ಕಾಣುವುದಿಲ್ಲ. ಅಪರೂಪವೇ, ಆದರೆ ಆಗಬಹುದು. ಕೋಷ್ಟಕ ಚಿಕ್ಕದಿದ್ದರೆ, ಇಲ್ಲಿನಂತೆ ಅರವತ್ತು ಕೋಶ, ಇಬ್ಬರು ಕೂತು ಪೂರ್ತಿ ತಾಳೆ ನೋಡಿಬಿಡುವುದೇ ಲೇಸು. ಒಬ್ಬರು ಪುಟದ ಚಿತ್ರದಿಂದ ಓದಬೇಕು, ಇನ್ನೊಬ್ಬರು ಕಡತದಲ್ಲಿ ಗುರುತು ಹಾಕಬೇಕು. ಓದುವುದು ಒಂದೊಂದೇ ಅಂಕಿಯಾಗಿ: ‘ಆರು, ಒಂದು, ನಾಲ್ಕು’. ‘ಆರುನೂರ ಹದಿನಾಲ್ಕು’ ಎಂದು ಓದಿದರೆ ಕಿವಿ ಸಂಖ್ಯೆಯ ಗಾತ್ರ ಹಿಡಿಯುತ್ತದೆ, ಅಂಕಿ ಜಾರುತ್ತದೆ. ಬೆಂಗಳೂರಿನ ಹುಡುಗರು ೬ ನೋಡಿ ‘ಸಿಕ್ಸ್’ ಎಂದು ಓದಿದರೂ ಅಡ್ಡಿಯಿಲ್ಲ, ಕನ್ನಡ ಅಂಕಿ ಗುರುತಿಸುವ ರೂಢಿ ಇರಬೇಕು ಅಷ್ಟೇ. ರೂಢಿ ಇಲ್ಲದವರು ಯಂತ್ರ ಮಾಡಿದ ತಪ್ಪನ್ನೇ ಮಾಡುತ್ತಾರೆ.

ಕೋಷ್ಟಕ ದೊಡ್ಡದಿದ್ದರೆ ೬, ೯ ಇರುವ ಕೋಶಗಳನ್ನಷ್ಟೇ ಆರಿಸಿ ನೋಡಬಹುದು. ‘ಒಟ್ಟು’ ಅಂಕಣದಲ್ಲಿ ತಿದ್ದಿದ ಮೇಲೆ ೬ ಆರು ಕಡೆ, ೯ ಒಂದೇ ಕಡೆ ಇದೆ, 690ರಲ್ಲಿ. ಏಳೂ ಕಾಗದದ ಜೊತೆ ಸರಿಹೋದವು. ಮಡಿಕೆಯ ಗೆರೆ ಹಾದುಹೋದ ಕೆಳಗಿನ ಮೂರು ಕೋಶಗಳನ್ನು, ಅವುಗಳಲ್ಲಿ ಯಾವ ಅಂಕಿಯೇ ಇರಲಿ, ಬೇರೆಯಾಗಿ ನೋಡಿದ್ದಾಯಿತು, ಅವೂ ಸರಿಯಿದ್ದವು.

ಇಳುವರಿಯ ಅಂಕಣಕ್ಕೆ ಮಾತ್ರ ಕೂಡಿಕೆಯ ಪರೀಕ್ಷೆ ತಾಗುವುದಿಲ್ಲ, ಏಕೆಂದರೆ ಹೆಕ್ಟೇರಿಗೆ ಇಷ್ಟು ಎಂಬ ಅಂಕಿಗಳನ್ನು ಯಾರೂ ಕೂಡಿ ಅಚ್ಚು ಹಾಕುವುದಿಲ್ಲ. ಅದಕ್ಕೆ ಬೇರೆ ತಾಳೆ ಬೇಕು: ಒಟ್ಟು ಉತ್ಪಾದನೆಯನ್ನು ಟನ್‌ನಿಂದ ಕೆ.ಜಿ.ಗೆ ತಂದು ಬಿತ್ತನೆಯ ಹೆಕ್ಟೇರಿನಿಂದ ಭಾಗಿಸಿದರೆ ಇಳುವರಿ ಬರಬೇಕು. ಅದೇ ವರದಿಯ ಇನ್ನೊಂದು ಪುಟದಲ್ಲಿ ಆ ಎರಡೂ ಅಂಕಿ ಇದ್ದವು, ಒಂಬತ್ತು ವರ್ಷಕ್ಕೆ ಇಳುವರಿ ಅಂದಾಜಿಸುವಿಕೆಯ ಅಂತರದೊಳಗೆ ತಾಳೆಯಾಯಿತು. 3ನೇ ವರ್ಷದ ಬಿತ್ತನೆ ವಿಸ್ತೀರ್ಣದ ಮೇಲೆ ಗ್ರಂಥಾಲಯದ ಮೊಹರು ಬಿದ್ದು ಕಾಗದದಲ್ಲೂ ಓದಲಾಗಲಿಲ್ಲ. ಆ ವರ್ಷದ 1390ರ ಪಕ್ಕದಲ್ಲಿ ಪ್ರಬಂಧದ ಕೋಷ್ಟಕದಲ್ಲಿ ಒಂದು ನಕ್ಷತ್ರ ಗುರುತು, ಕೆಳಗೆ ‘ವಿಸ್ತೀರ್ಣದಿಂದ ತಾಳೆ ನೋಡಿಲ್ಲ’ ಎಂಬ ಟಿಪ್ಪಣಿ ಇದೆ.